ಕರೆಂಟ್ ಇದ್ದಾಗಲೂ ಬ್ಯಾಟರಿ ತಿನ್ನುತ್ತಿದ್ದ ಇನ್ವರ್ಟರ್: ಮೂರು ವರ್ಷದ ಅನುಭವ

ತೀರ್ಥಹಳ್ಳಿ ಕಡೆಯ ತೋಟದ ಮನೆ ನಮ್ಮದು. ಮೂರು ವರ್ಷದ ಹಿಂದೆ 900 ವಿಎ ಸೈನ್‌ವೇವ್ ಇನ್ವರ್ಟರ್, 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿ ಹಾಕಿಸಿದೆ. ಮೊದಲ ವರ್ಷ ಎರಡು ಫ್ಯಾನು, ನಾಲ್ಕು ಬಲ್ಬು, ವೈಫೈ ಹಾಕಿಕೊಂಡರೂ ಐದು ತಾಸು ಬರುತ್ತಿತ್ತು. ಎರಡನೇ ಬೇಸಿಗೆ ಮುಗಿಯುವಷ್ಟರಲ್ಲಿ ಎರಡು ತಾಸಿಗೇ ಕೀಂಯ್ ಅನ್ನೋಕೆ ಶುರು. ಅಂಗಡಿಯವರು ಬಂದು ನೋಡಿ, "ಬ್ಯಾಟರಿ ಹೋಗಿದೆ ಸಾರ್, ಹೊಸದು ಹಾಕ್ಸಿ" ಎಂದರು.

ಕಾರಣ ಸಿಕ್ಕಿದ್ದು ಸದ್ದಿನಿಂದ. ಸಂಜೆ ಆರರಿಂದ ಹತ್ತರವರೆಗೆ ಇನ್ವರ್ಟರ್ ಒಳಗೆ ಲೈನಿಗೂ ಬ್ಯಾಟರಿಗೂ ಬದಲಿಸುವ ರಿಲೇ ಟಕ್, ಟಕ್ ಎನ್ನುತ್ತಲೇ ಇತ್ತು. ಕರೆಂಟ್ ಹೋಗಿರಲಿಲ್ಲ. ಪ್ಲಗ್‌ಗೆ ಮಲ್ಟಿಮೀಟರ್ ಇಟ್ಟು ಕೂತೆ: 188, 183, 179, ಟಕ್. ಸ್ವಲ್ಪ ಹೊತ್ತಿಗೆ 190 ದಾಟಿತು, ಮತ್ತೆ ಟಕ್. ಲೈನಿಗೆ ವಾಪಸ್ ಬಂದ ಕೂಡಲೇ ಮನೆಯ ಲೋಡು, ಚಾರ್ಜರ್ ಎರಡೂ ಒಟ್ಟಿಗೆ ಎಳೆಯುತ್ತವೆ. ನಮ್ಮದು ಟ್ರಾನ್ಸ್‌ಫಾರ್ಮರ್‌ನಿಂದ ದೂರದ ಕೊನೆಯ ಮನೆ, ತಂತಿ ಸಪೂರ. ಆ ಎಳೆತಕ್ಕೇ ವೋಲ್ಟೇಜ್ ಮತ್ತೆ ಇಳಿದು, ಇನ್ವರ್ಟರ್ ಮತ್ತೆ ಬ್ಯಾಟರಿಗೆ ಹಾರುತ್ತಿತ್ತು. ತಾನೇ ಮಾಡಿಕೊಂಡ ಕಾಟ!

ಹೀಗೆ ಸಂಜೆಯ ಅರ್ಧ ಹೊತ್ತು ಬ್ಯಾಟರಿ ಮೇಲೇ ಓಡಿದರೆ 30 ಎಎಚ್‌ಗೂ ಜಾಸ್ತಿ ಖಾಲಿ. ರಾತ್ರಿ ತುಂಬಿಕೊಳ್ಳಬಹುದಿತ್ತು. ಆದರೆ ಬೆಳಗಿನ ಜಾವ ಪಂಪ್‌ಸೆಟ್‌ಗಳು ಶುರುವಾದರೆ ಮತ್ತೆ ಅದೇ ಕತೆ. ತಿಂಗಳುಗಟ್ಟಲೆ ಪೂರ್ತಿ ಚಾರ್ಜ್ ಆಗದೆ ಉಳಿದರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಬ್ಯಾಟರಿಯ ಕಸುವು ಕುಗ್ಗುತ್ತದೆ. ಹೈಡ್ರೋಮೀಟರ್ ಹಾಕಿದಾಗ ಆರೂ ಸೆಲ್‌ಗಳಲ್ಲಿ ಆಸಿಡ್ ಸಾಂದ್ರತೆ 1180ರ ಆಸುಪಾಸು ತೋರಿಸಿತು. ತುಂಬಿದ ಟ್ಯೂಬ್ಯುಲರ್‌ನಲ್ಲಿ 1240 ಇರಬೇಕು. ಒಂದೇ ಸೆಲ್ ಕೆಳಗಿದ್ದಿದ್ದರೆ ಬ್ಯಾಟರಿಯನ್ನೇ ದೂರಬಹುದಿತ್ತು. ಆರೂ ಒಂದೇ ಸಮ ಇಳಿದಿದ್ದಕ್ಕೆ ಚಾರ್ಜ್ ಸಾಲುತ್ತಿಲ್ಲ ಅಂತ ಅನುಮಾನ ಬಂತು.

ಇನ್ವರ್ಟರ್ ಹಿಂಬದಿಯಲ್ಲಿ ಒಂದು ಸಣ್ಣ ಸ್ವಿಚ್ ಇದೆ. ಯುಪಿಎಸ್ ಮೋಡ್‌ನಲ್ಲಿ 180ರಿಂದ 260 ವೋಲ್ಟ್ ಮಾತ್ರ ಒಪ್ಪುತ್ತದೆ, ನಾರ್ಮಲ್ ಮೋಡ್‌ನಲ್ಲಿ 100ರಿಂದ 290. ಹಾಕಿದವರು ಯುಪಿಎಸ್‌ನಲ್ಲೇ ಬಿಟ್ಟು ಹೋಗಿದ್ದರು. ನಾನೂ ಎರಡು ವರ್ಷ ಅದನ್ನು ಮುಟ್ಟಲಿಲ್ಲ ಬಿಡಿ. ನಾರ್ಮಲ್‌ಗೆ ಹಾಕಿದ ದಿನವೇ ಟಕ್ ಟಕ್ ನಿಂತಿತು. ಡಿಸ್ಟಿಲ್ಡ್ ವಾಟರ್ ತುಂಬಿ, ಎರಡು ದಿನ ಲೋಡ್ ತೆಗೆದು ಚಾರ್ಜ್‌ಗೆ ಬಿಟ್ಟೆ. 1220ರವರೆಗೆ ಏರಿತು, ಅಲ್ಲಿಂದ ಮೇಲೆ ಹೋಗಲಿಲ್ಲ. ಈಗ ಮೂರೂವರೆ ತಾಸು ಸಿಗುತ್ತಿದೆ. ಕಳೆದುಕೊಂಡ ಒಂದೂವರೆ ತಾಸು ಹೋದದ್ದೇ.

ನಾರ್ಮಲ್ ಮೋಡ್ ವೋಲ್ಟೇಜನ್ನು ಸರಿ ಮಾಡುವುದಿಲ್ಲ, ಬಂದದ್ದನ್ನು ಹಾಗೇ ದಾಟಿಸುತ್ತದೆ. 170ರಲ್ಲಿ ಫ್ಯಾನು ನಿಧಾನ ತಿರುಗುತ್ತದೆ. 280 ಬಂದರೂ ತಡೆಯುವುದಿಲ್ಲ, ಹಾಗಾಗಿ ಟಿವಿಗೆ ಬೇರೆ ಸ್ಟೆಬಿಲೈಸರ್ ಇಟ್ಟಿದ್ದೇನೆ. ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗುವುದೂ ತುಸು ತಡ. ಮಗಳ ಕಂಪ್ಯೂಟರ್ ಎರಡು ಸಲ ರೀಸ್ಟಾರ್ಟ್ ಆಯಿತು. ಅದಕ್ಕೆ ಚಿಕ್ಕ ಯುಪಿಎಸ್ ತಂದೆವು.

ಇನ್ವರ್ಟರ್‌ಗೆ ಐದಕ್ಕೆ ನಾಲ್ಕು. ಹಾಕಿಸಿಕೊಟ್ಟ ರೀತಿಗೆ ಒಂದು.