ವೇದಿಕೆಯ ವರದಿಯೋ, ಬಿಲ್ ಪುಸ್ತಕದ ಲೆಕ್ಕವೋ?

ಚಿಕ್ಕಮಗಳೂರಿನಿಂದ ಆನ್‌ಲೈನ್‌ನಲ್ಲಿ ಕಾಫಿಪುಡಿ ಮಾರುವವರೊಬ್ಬರು ತಿಂಗಳಿಗೆ ಮೆಟಾ ಜಾಹೀರಾತಿಗೆ 60,000, ಗೂಗಲ್ ಜಾಹೀರಾತಿಗೆ 40,000 ರೂಪಾಯಿ ಕೊಟ್ಟರೆಂದಿಟ್ಟುಕೊಳ್ಳಿ. ಮೆಟಾ 2,40,000, ಗೂಗಲ್ 2,00,000 ರೂಪಾಯಿಯ ಮಾರಾಟ ತನ್ನಿಂದಾಯಿತೆನ್ನುತ್ತದೆ. ಬಿಲ್ ಪುಸ್ತಕದಲ್ಲಿರುವುದು 3,20,000 ಮಾತ್ರ. ಮೆಟಾದ ಇನ್‌ಸ್ಟಾಗ್ರಾಂನಲ್ಲಿ ಜಾಹೀರಾತು ಒತ್ತಿದವರೇ ಎರಡು ದಿನ ಬಿಟ್ಟು ಗೂಗಲ್ ಜಾಹೀರಾತಿನ ಮೂಲಕ ಬಂದು ಕೊಂಡರೆ, ಒಂದೇ ಪೊಟ್ಟಣ ಎರಡೂ ಕಡೆಯ ವರದಿಗೆ ಪೂರ್ತಿಯಾಗಿ ಸೇರುತ್ತದೆ.

ಮೆಟಾ, ಗೂಗಲ್ ಎರಡೂ ವೇದಿಕೆಗಳ ಲೆಕ್ಕ ಕೂಡಿಸಿದರೆ ಖರ್ಚಿನ 4.4 ಪಟ್ಟು, ನಿಜವಾದ ಒಟ್ಟು ಆದಾಯವನ್ನು ಒಟ್ಟು ಖರ್ಚಿನಿಂದ ಭಾಗಿಸಿದರೆ 3.2. ಪುಡಿ, ಪ್ಯಾಕಿಂಗ್, ಕೊರಿಯರ್ ಕಳೆದು ನೂರಕ್ಕೆ 40 ಉಳಿಯುವ ವ್ಯಾಪಾರದಲ್ಲಿ ಈ ಅಂಕಿ 2.5 ಇದ್ದರೆ ಜಾಹೀರಾತಿನ ಖರ್ಚಷ್ಟೇ ಹುಟ್ಟುತ್ತದೆ. ಆದ್ದರಿಂದ ಬಜೆಟ್ ನಿರ್ಧರಿಸಲು ನಾನು 3.2ನ್ನೇ ನಂಬುತ್ತೇನೆ. ಆದರೆ ಜಾಹೀರಾತು ನೋಡದೆಯೇ ಕೊಳ್ಳುವ ಹಳೆಯ ಗಿರಾಕಿಗಳೂ ಇದರಲ್ಲಿ ಸೇರಿರುವುದರಿಂದ ಇದೂ ಸ್ವಲ್ಪ ಉದಾರವಾದ ಅಂಕಿಯೇ, ಮತ್ತು ಯಾವ ಜಾಹೀರಾತು ಕೆಲಸ ಮಾಡಿತೆಂದು ಇದು ಹೇಳದು. ಒಂದೇ ವೇದಿಕೆಯ ಎರಡು ಜಾಹೀರಾತುಗಳನ್ನು ತೂಗಿ ನೋಡುವುದಕ್ಕೆ ಆ ವೇದಿಕೆಯ ವರದಿಯೇ ಬೇಕು.