ವಿ-ಟು-ಎಲ್ ಬೇಕಾ, ವಿ-ಟು-ಜಿ ಬೇಕಾ?

ಕರೆಂಟ್ ಹೋದಾಗ ಫ್ರಿಜ್ ಓಡಬೇಕು, ಅಷ್ಟೇ ಅಂದರೆ ವಿ-ಟು-ಎಲ್, ಅಂದರೆ ಬ್ಯಾಟರಿಯಿಂದ ನೇರವಾಗಿ ಮನೆಯ ಉಪಕರಣಗಳಿಗೆ ಕರೆಂಟ್ ಕೊಡುವ ಸೌಲಭ್ಯ, ಇರುವ ಎಲೆಕ್ಟ್ರಿಕ್ ಕಾರು ಸಾಕು. ಬ್ಯಾಟರಿಯ ಡಿಸಿ ಕರೆಂಟನ್ನು ಕಾರಿನೊಳಗಿನ ಇನ್ವರ್ಟರ್ ಎಸಿ ಮಾಡಿ ಸಾಕೆಟ್‌ಗೆ ಕೊಡುತ್ತದೆ. ಬೇರೆ ಚಾರ್ಜರ್ ಬೇಡ, ಯಾರ ಅನುಮತಿಯೂ ಬೇಡ.

60 ಯೂನಿಟ್ ಬ್ಯಾಟರಿ ಅಂದುಕೊಳ್ಳಿ. ಓಡಾಟಕ್ಕೆ 20% ಉಳಿಸಿದರೆ 48 ಯೂನಿಟ್ ಸಿಗುತ್ತದೆ. ಫ್ರಿಜ್, ಫ್ಯಾನ್, ಲೈಟ್ ಸೇರಿ ಸರಾಸರಿ 300 ವಾಟ್. ಕಾರು ಆನ್ ಇರಲು ತಾನೂ 200 ವಾಟ್ ತಿನ್ನುತ್ತದೆ ಅನ್ನೋಣ. ಆಗ ದಿನಕ್ಕೆ 12 ಯೂನಿಟ್, ಅಂದರೆ ನಾಲ್ಕು ದಿನ ನಡೆಯುತ್ತದೆ. ಸಮಸ್ಯೆ ಬರುವುದು ಒಟ್ಟಿಗೆ ಎಳೆದಾಗ. ಮಿತಿ 3.6 ಕಿಲೋವಾಟ್ ಇದ್ದರೆ, 2 ಕಿಲೋವಾಟ್ ಕೆಟಲ್ ಜೊತೆ ಅಷ್ಟೇ ದೊಡ್ಡ ಇಂಡಕ್ಷನ್ ಒಲೆ ಹಚ್ಚಿದ ತಕ್ಷಣ ಸಪ್ಲೈ ಕಟ್. ಇನ್ನೊಂದು ಮಾತು: ಕಾರಿನಿಂದ ಬರುವ ವೈರನ್ನು ಮನೆಯ ಗೋಡೆ ಸಾಕೆಟ್‌ಗೆ ಯಾವತ್ತೂ ಸಿಕ್ಕಿಸಬೇಡಿ. ಕರೆಂಟ್ ಹೊರಗಿನ ಲೈನಿಗೆ ಹರಿದರೆ ಲೈನ್‌ಮನ್ ಜೀವಕ್ಕೇ ಅಪಾಯ.

ಕಾರಿನ ಕರೆಂಟನ್ನು ವಿದ್ಯುತ್ ಕಂಪನಿಯ ಗ್ರಿಡ್‌ಗೆ ವಾಪಸ್ ಮಾರುವ ವಿ-ಟು-ಜಿ ಕಥೆಯೇ ಬೇರೆ. ಎರಡೂ ದಿಕ್ಕಿಗೆ ಕರೆಂಟ್ ಹರಿಸುವ ಚಾರ್ಜರ್, ಅದಕ್ಕೆ ಹೊಂದುವ ಕಾರು, ವಿದ್ಯುತ್ ಕಂಪನಿಯ ಒಪ್ಪಿಗೆ, ಎರಡೂ ಕಡೆ ಲೆಕ್ಕ ಇಡುವ ಮೀಟರ್, ಎಲ್ಲವೂ ಬೇಕು. ತಮಾಷೆ ಅಂದರೆ, ಗ್ರಿಡ್ ಸತ್ತರೆ ಇದೂ ನಿಲ್ಲಬೇಕು. ಸುರಕ್ಷತಾ ನಿಯಮವೇ ಹಾಗೆ. ಮನೆಯನ್ನು ಗ್ರಿಡ್‌ನಿಂದ ಬೇರ್ಪಡಿಸುವ ಸ್ವಿಚ್ ಇಲ್ಲದಿದ್ದರೆ ಕಾರು ತುಂಬಿದ್ದರೂ ಮನೆ ಕತ್ತಲೆ!

ಹಾಗಾಗಿ ಹಗಲು-ರಾತ್ರಿ ದರದಲ್ಲಿ ಜಾಸ್ತಿ ವ್ಯತ್ಯಾಸ ಇದ್ದು, ಸಂಜೆ ಕಾರು ಮನೆಯಲ್ಲೇ ನಿಲ್ಲುವವರು ಮಾತ್ರ ವಿ-ಟು-ಜಿ ನೋಡಲಿ. ಹೋಗಿಬರುವ ದಾರಿಯಲ್ಲೇ ಹತ್ತು-ಇಪ್ಪತ್ತು ಶೇಕಡಾ ಕರೆಂಟ್ ಸೋರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.