ಸ್ಕ್ರೀನ್ ಮ್ಯಾಲ 74, ಆದ್ರ ಸರ್ಟಿಫಿಕೇಟ್ ಲಾಕ್: ಎಂಟ ತಿಂಗಳ ಬಳಸಿದ ಮ್ಯಾಲ ಬರೀತಿರೋದು

ನಾ ಬಾಗಲಕೋಟಿ ನವನಗರದಾಗ ಒಂದ ಪತ್ತಿನ ಸೊಸೈಟಿಯೊಳಗ ಲೆಕ್ಕ ನೋಡಿಕೊಳ್ಳೋಕಿ. 1,200 ರೂಪಾಯಿ ಕೊಟ್ಟು ಈ ಎಕ್ಸೆಲ್ ಕೋರ್ಸ್ ತಗೊಂಡು ಎಂಟ ತಿಂಗಳಾತು. ವಿಡಿಯೋ ಹೆಂಗ ಅದಾವ, ಸರ್ ಹೆಂಗ ಹೇಳ್ತಾರ ಅನ್ನೋದು ಉಳಿದವ್ರು ಬರದಾರ, ಅದನ್ನ ಬಿಡ್ತೀನಿ. ನಾ ಹೇಳೋದು ಮಾರ್ಕ್ಸ್ ಲೆಕ್ಕದ್ದು, ಯಾಕಂದ್ರ ನನಗ ಖುಷಿ ಕೊಟ್ಟಿದ್ದೂ ಅದ, ಕಡೀಕ ಕಣ್ಣಾಗ ನೀರ ತರಿಸಿದ್ದೂ ಅದ.

ಆರು ಕ್ವಿಜ್, ಒಂದೊಂದಕ್ಕ 10 ಮಾರ್ಕ್ಸ್. ಕೊನೀ ಪರೀಕ್ಷೆಗೆ 40. ಒಟ್ಟು ನೂರರಾಗ 70 ಬಂದ್ರ ಸರ್ಟಿಫಿಕೇಟ್. ಕ್ವಿಜ್‌ಗೆ ಮೂರ ಸಲ ಅವಕಾಶ, ಕೊನೀ ಪರೀಕ್ಷೆಗೆ ಎರಡ ಸಲ, ಯಾವುದು ಹೆಚ್ಚ ಬಂದಿರತೈತಿ ಅದನ್ನ ಹಿಡೀತಾರ. ನನ್ನ ತಮ್ಮ ಎನ್‌ಪಿಟಿಇಎಲ್ ಕೋರ್ಸ್ ಮಾಡ್ಯಾನ, ಅಲ್ಲಿ ಅಸೈನ್‌ಮೆಂಟ್ ಡೇಟ್ ಮುಗಿಯೋ ತನಕ ಎಷ್ಟ ಸಲ ಬೇಕಾದ್ರೂ ಹಾಕಬಹುದು ಆದ್ರ ಕೊನೀಗೆ ಹಾಕಿದ್ದನ್ನ ಹಿಡೀತಾರ, ಅಂದ್ರ ಎರಡನೇ ಸಲ ಕೈ ಜಾರಿದ್ರ ಮೊದಲಿನ ಚಲೋ ಮಾರ್ಕ್ಸ್ ಹೋತು. ಇಲ್ಲಿ ಆ ಅಂಜಿಕಿ ಇಲ್ಲ. 8 ಬಂದ ಮ್ಯಾಲ ಮತ್ತ ಬರದು 5 ಬಂದ್ರೂ 8 ಹಂಗ ಇರತೈತಿ.

ಈ ಅಂಜಿಕಿ ಇಲ್ಲದ್ದಕ್ಕ ನನಗೊಂದು ರೂಢಿ ಬಿತ್ತು. ರಾತ್ರಿ ರೊಟ್ಟಿ ಬಡದು, ಭಾಂಡೆ ತಿಕ್ಕಿ, ಅಡಗಿ ಮನಿ ಕಟ್ಟಿ ಮ್ಯಾಲ ಲ್ಯಾಪ್‌ಟಾಪ್ ಇಟ್ಟು ಮೊದಲನೇ ಸಲ ಏನೂ ನೋಡದ ಬರಿಯೋದು, ತಪ್ಪಿದ್ದನ್ನಷ್ಟ ಹಳೇ ಡೈರಿಯೊಳಗ ಬರಕೊಳ್ಳೋದು, ಮರುದಿನ ಆಫೀಸಿನ್ಯಾಗ ಅದನ್ನ ನಮ್ಮ ಶೀಟ್ ಮ್ಯಾಲ ಮಾಡಿ ನೋಡೋದು, ರಾತ್ರಿ ಎರಡನೇ ಸಲ. ಮೂರನೇ ಕ್ವಿಜ್‌ನಾಗ ಪಟ್ಟಿಯೊಳಗ ಹುಡುಕಿ ತರೋ ವಿಲುಕಪ್ ಸೂತ್ರದ ಪ್ರಶ್ನೆ ತಪ್ಪಿತ್ತು. ಕೊನೀ ಜಾಗದಾಗ ಏನೂ ಬರೀಲಿಲ್ಲ ಅಂದ್ರ ಅದು ಸರಿಯಾಗಿ ಹೊಂದೋದನ್ನ ಹುಡುಕೂದಿಲ್ಲ, ಪಟ್ಟಿ ಏರಿಕೆ ಕ್ರಮದಾಗ ಐತಿ ಅಂತ ತಿಳಕೊಂಡು ಹತ್ತಿರದ್ದನ್ನ ತಗೊಂಡ ಬಿಡತೈತಿ. ನಮ್ಮ ಸದಸ್ಯರ ಪಟ್ಟಿ ನಂಬರ್ ಪ್ರಕಾರ ಜೋಡಿಸಿಲ್ಲ. ಮರುದಿನ ನಾ ಬರದ ಶೀಟ್ ತಗದು ನೋಡಿದ್ರ ಇಬ್ಬರ ಬಾಕಿ ಮತ್ತೊಬ್ಬರ ಹೆಸರಿಗೆ ಬಂದಿತ್ತು. ಅವತ್ತಿನಿಂದ ಹಿಂಗ ಬರೀತೀನಿ:

```
=VLOOKUP(A2,$D$2:$F$50,3,FALSE)
```

ಎರಡನೇ ಸಲ ಬರಿಯೋಕ ಅವಕಾಶ ಇರಲಿಲ್ಲ ಅಂದ್ರ ನಾ ತಪ್ಪಿದ್ದನ್ನ ಹಿಂದಿರುಗಿ ನೋಡ್ತಿರಲಿಲ್ಲ. 1,200 ರೂಪಾಯಿ ಅಲ್ಲೇ ವಸೂಲಾತು.

ಒಂದ ಮಾತು, ಹೆಚ್ಚ ಬಂದದ್ದನ್ನ ಹಿಡೀತಾರ ಅಂದ್ರ ಇಡೀ ಸಲದ್ದನ್ನ ಹಿಡೀತಾರ, ಪ್ರಶ್ನೆ ಪ್ರಶ್ನೆಗೆ ಅಲ್ಲ. ಮೊದಲನೇ ಸಲ ಒಂದರಿಂದ ಏಳು ಸರಿ, ಎರಡನೇ ಸಲ ನಾಲ್ಕರಿಂದ ಹತ್ತು ಸರಿ ಆದ್ರ 10 ಆಗೂದಿಲ್ಲ, 7 ಅಷ್ಟ. ಮೂರನೇ ಕ್ವಿಜ್‌ನಾಗ ನನಗ ಎರಡೂ ಸಲ 7 ಬಂತು, ತಪ್ಪು ಮಾತ್ರ ಬ್ಯಾರೆ ಬ್ಯಾರೆ.

ಈಗ ಸಿಟ್ಟಿನ ಮಾತು. ಐದನೇ ಕ್ವಿಜ್ ಪಿವಟ್ ಟೇಬಲ್‌ದು, 20 ನಿಮಿಷ ಟೈಮರ್. ಏಳನೇ ಪ್ರಶ್ನೆಗೆ ಕರೆಂಟ್ ಹೋತು, ರೂಟರ್ ಆಫ್, ಮೊಬೈಲ್ ನೆಟ್ ಜೋಡಿಸೋದ್ರಾಗ ಟೈಮ್ ಮುಗೀತು. ಸಬ್ಮಿಟ್ ಆಗದ್ದಕ್ಕ ಆ ಸಲದ್ದು ಲೆಕ್ಕಕ್ಕ ಬರಲಿಲ್ಲ, ಆದ್ರ ಮೂರರಾಗ ಒಂದ ಅವಕಾಶ ಮಾತ್ರ ಖರ್ಚಾತು. ಆಮ್ಯಾಲ ಮಾಡಿದ್ರಾತು ಅಂತ ಆರನೇದಕ್ಕ ಹೋದೆ, ಸೊಸೈಟಿಯೊಳಗ ಆಡಿಟ್ ಸುರು ಆತು, ಐದನೇದು ಮರತ ಹೋತು. ಮರಿಯಾಕ ಕಾರಣ ಇತ್ತು. ಮಾರ್ಕ್ಸ್ ಪೇಜಿನ್ಯಾಗ ಅದರ ಮುಂದ ಸೊನ್ನಿ ಇರಲಿಲ್ಲ, ಸಣ್ಣದೊಂದು ಗೆರಿ ಇತ್ತು, ಕೆಳಗ ದೊಡ್ಡ ಅಕ್ಷರದಾಗ 82%.

ನನ್ನ ಮಾರ್ಕ್ಸ್ 9, 8, 7, 9, ಗೆರಿ, 8. ಕೂಡಿಸಿದ್ರ 41. ಐದರಿಂದ ಭಾಗಿಸಿದ್ರ 82% ಬರತೈತಿ, ಆದ್ರ ಕ್ವಿಜ್ ಆರು ಅದಾವಲ್ಲ. 82 ನಂಬಿ ನಾ ಹಾಕಿದ ಲೆಕ್ಕ ಹಿಂಗ: 60ರಾಗ 49 ಚಿಲ್ಲರೆ ಬಂದೈತಿ, ಕೊನೀ ಪರೀಕ್ಷೆಯೊಳಗ 40ಕ್ಕ 21 ಬಂದ್ರ ಸಾಕು. ಖರೇ ಬೇಕಾಗಿದ್ದು 29. ನನಗ ಬಂದಿದ್ದು 26. ಪಾಸಾದೆ ಅಂತ ಮನಿಯವ್ರಿಗೆ ಹೇಳಿ ಚಾ ಇಟ್ಟೆ. ಬಂದು ನೋಡಿದ್ರ ಪೇಜಿನ್ಯಾಗ 74.4%, ಪಕ್ಕದಾಗ ಸರ್ಟಿಫಿಕೇಟ್ ಬಟನ್ ಲಾಕ್.

ಕಂಪನಿಗೆ ಮೇಲ್ ಹಾಕಿದ್ರ ನಿಯಮದ ಪೇಜ್ ಓದ್ರಿ ಅಂತ ಎರಡ ಸಾಲು ಬಂತು. ನಮ್ಮ ಆಫೀಸಿನ ಕಂಪ್ಯೂಟರ್ ಆಪರೇಟರ್ ಹುಡುಗ ಮೊದಲ ಒಂದ ಕಾಲೇಜಿನ್ಯಾಗ ಮೂಡಲ್ ಅನ್ನೋ ಆನ್‌ಲೈನ್ ಕೋರ್ಸ್ ನಡಸೋ ಸಾಫ್ಟ್‌ವೇರ್ ನೋಡಿಕೊಂಡಾವ. ಪೇಜ್ ನೋಡಿದವನ ಅಂದ, "ಅಕ್ಕಾರ, ಈ ಗೆರಿ ಅಂದ್ರ ಬಿಟ್ಟಿದ್ದು ರೀ. ಇವ್ರು 67ನ್ನ 100ರಿಂದ ಭಾಗಿಸಿಲ್ಲ, 90ರಿಂದ ಭಾಗಿಸಿ ತೋರಸಾಕತ್ತಾರ." ಮೂಡಲ್‌ನಾಗ Exclude empty grades ಅಂತ ಒಂದ ಸೆಟ್ಟಿಂಗ್ ಇರತೈತಂತ, ಅದು ಆನ್ ಇದ್ರ ಬರೀಲಾರದ್ದು ಸರಾಸರಿಯೊಳಗ ಸೇರೂದಿಲ್ಲ. ಕೋರ್ಸ್ ನಡದಿರುವಾಗ ಅದು ಸರಿನ ಅಂತೀನಿ, ಇಲ್ಲಾಂದ್ರ ಮೊದಲನೇ ವಾರ ಹತ್ತಕ್ಕ 9 ತಗೊಂಡವ್ರಿಗೂ 9% ಕಾಣತೈತಿ. ಆದ್ರ ಸರ್ಟಿಫಿಕೇಟ್‌ಗೆ ಗೆರಿನ್ನ ಸೊನ್ನಿ ಅಂತ ಹಿಡಿಯೋದಾದ್ರ ಆ ಎರಡನೇ ಲೆಕ್ಕಾನೂ ಅದ ಪೇಜಿನ್ಯಾಗ ತೋರಿಸ್ಬೇಕು. ರೊಕ್ಕ ತಗೊಂಡ ಮ್ಯಾಲ ಇಷ್ಟ ಮಾಡಾಕ ಏನ ತ್ರಾಸ?

ಕೋರ್ಸ್ ಮುಗಿಯಾಕ ನಾಲ್ಕ ದಿನ ಇತ್ತು, 3 ಮಾರ್ಕ್ಸ್ ಕಮ್ಮಿ. ನನ್ನ ಮನಸ್ಸು ಕೊನೀ ಪರೀಕ್ಷೆ ಮತ್ತ ಬರೀಬೇಕು ಅಂತಿತ್ತು, 40 ಪ್ರಶ್ನೆ ಒಂದೂವರೆ ತಾಸು. ಹುಡುಗ ಡೈರಿಯೊಳಗ ಇನ್ನೊಂದ ಸಾಲು ಹಾಕಂದ: ಪ್ರತಿಯೊಂದರಾಗ ಇನ್ನೂ ಎಷ್ಟ ಜಾಗ ಐತಿ, ಎಷ್ಟ ಸಲ ಉಳದೈತಿ. ಒಂದನೇದ್ರಾಗ 1 ಮಾರ್ಕ್ಸ್ ಜಾಗ. ಮೂರನೇದ್ರಾಗ 3, ಅಂದ್ರ ಹತ್ತಕ್ಕ ಹತ್ತು ಬೀಳಬೇಕು. ಐದನೇದ್ರಾಗ ಪೂರಾ 10 ಜಾಗ, ಎರಡ ಸಲ ಬಾಕಿ. ಹತ್ತರಾಗ ಬರೇ ಮೂರು ಸರಿ ಆದ್ರೂ 70 ಮುಟ್ಟತೈತಿ! ಸಾಲು ಮುಗಿಯೋದ್ರೊಳಗ ಎದಿ ಹಗುರಾತು.

ಅವತ್ತ ರಾತ್ರಿ ಮೊದಲ ಮೊಬೈಲ್ ನೆಟ್ ಜೋಡಿಸಿ ಇಟ್ಟು, ಬ್ಯಾಟರಿ ಪೂರಾ ಇರೋದು ನೋಡಿ ಕುಂತೆ. 6 ಬಂತು. ಅಲ್ಲಿಗೇ ಬಟನ್ ಹಸಿರಾತು. ತಪ್ಪಿದ ನಾಲ್ಕು ಬರಕೊಂಡು, ಮರುದಿನ ಸಾಲದ ಪಟ್ಟಿ ಮ್ಯಾಲ ಪಿವಟ್ ಮಾಡಿ ನೋಡಿ, ಉಳದ ಒಂದ ಸಲಾನೂ ಬರದೆ, 8 ಬಂತು. ಒಟ್ಟು 75. ಸರ್ಟಿಫಿಕೇಟ್ ಮ್ಯಾಲ ಮಾರ್ಕ್ಸ್ ಇರೂದಿಲ್ಲ, 70ಕ್ಕೂ 75ಕ್ಕೂ ಅದ ಕಾಗದ, ಆದ್ರ ಆ ಸಾಲದ ಪಟ್ಟಿ ಈಗ ಪ್ರತಿ ತಿಂಗಳ ನಾನ ತಗೀತೀನಿ.

ಐದಕ್ಕ ಮೂರೂವರೆ ಸ್ಟಾರ್. ಸಿಟ್ಟು ಪೂರಾ ಇಳದಿಲ್ಲ, ಆದ್ರೂ ಎರಡನೇ ಕೋರ್ಸ್‌ಗೆ ಮತ್ತ 1,200 ಕಟ್ಟೀನಿ. ಅವ್ರ ಶೇಕಡಾ ನೋಡೂದು ಬಿಟ್ಟೀನಿ, ಡೈರಿಯೊಳಗ ಆರೂ ಕ್ವಿಜ್‌ಗೆ ಮೊದಲಿಗೇ ಸೊನ್ನಿ ಬರದು ಇಟ್ಟೀನಿ, ಒಂದೊಂದ ಮುಗಿದಂಗ ಸೊನ್ನಿ ಹೊಡದು ಮ್ಯಾಲ ಮಾರ್ಕ್ಸ್ ಬರೀತೀನಿ. ಈಗ ಎರಡ ಸೊನ್ನಿ ಉಳದಾವ.